ಮಾರಿದ ದುಡ್ಡು ಎಲ್ಲಿಗೆ ಹೋಗುತ್ತೆ?

ನವೆಂಬರ್‌ನ ಒಂದು ಭಾನುವಾರ ಬೆಳಿಗ್ಗೆ ಕನಕಪುರ ರಸ್ತೆಯಲ್ಲಿರೋ ನನ್ನ ಫ್ಲ್ಯಾಟಿನ ಕಾಲಿಂಗ್ ಬೆಲ್ ಒತ್ತಿದೆ. ನನ್ನ ಹಿಂದೆ ಬ್ರೋಕರ್, ಅವರ ಹಿಂದೆ ಮನೆ ನೋಡೋಕೆ ಬಂದ ಗಂಡ-ಹೆಂಡತಿ. ಬಾಡಿಗೆಗಿರೋ ಮೇಡಂಗೆ ನಾನು ಹೇಳಿದ್ದೇ ಬೇರೆ: "ಬಾತ್‌ರೂಮ್ ಲೀಕೇಜ್ ನೋಡೋಕೆ ಒಬ್ಬರನ್ನ ಕರ್ಕೊಂಡು ಬರ್ತೀನಿ."

ಬಾಗಿಲು ತೆಗೆದವಳು ಅವರ ಮಗಳು. ಎಸ್ಸೆಸ್ಸೆಲ್ಸಿ ಓದ್ತಿರೋ ಹುಡುಗಿ. ನಮ್ಮ ನಾಲ್ಕೂ ಮುಖ ನೋಡಿ ಒಳಗೆ ಕೂಗಿದಳು: "ಅಮ್ಮಾ, ಓನರ್ ಅಂಕಲ್ ಬಂದಿದಾರೆ. ಮನೆ ನೋಡೋಕೆ ಯಾರೋ ಬಂದಿದಾರೆ."

ಮೇಡಂ ಬಂದವರಿಗೆಲ್ಲ ನೀರು ಕೊಟ್ಟರು. ಹೊರಡುವಾಗ ನನ್ನೊಬ್ಬನನ್ನೇ ನಿಲ್ಲಿಸಿ ಕೇಳಿದರು, "ಮನೆ ಮಾರ್ತಿದೀರಾ ಸರ್? ಮೊದಲೇ ಹೇಳಿದ್ರೆ ಸ್ವಲ್ಪ ನೀಟಾಗಿ ಇಡ್ತಿದ್ದೆ."

ಬೈದಿದ್ದರೆ ಸಹಿಸ್ಕೋಬಹುದಿತ್ತು. ನಾಲ್ಕು ವರ್ಷ ಒಂದು ತಿಂಗಳೂ ತಪ್ಪದೆ 5ನೇ ತಾರೀಖಿಗೆ ಬಾಡಿಗೆ ಹಾಕಿದವರು ಅವರು. ನಾನು ಅವರಿಗೆ ಲೀಕೇಜ್ ಕತೆ ಹೇಳಿದ್ದೆ.

ಮಾರೋದಾ, ಕಾಯೋದಾ ಅನ್ನೋದು ಆ ದಿನ ನನಗೂ ಗೊತ್ತಿರಲಿಲ್ಲ. ಬಾಡಿಗೆಗೆ ಕೊಟ್ಟಿರೋ ಫ್ಲ್ಯಾಟ್ ಇರೋ ನಮ್ಮ ವಯಸ್ಸಿನ ಎಷ್ಟೋ ಜನ ಇದೇ ಪ್ರಶ್ನೆ ಇಟ್ಕೊಂಡು ವರ್ಷಗಟ್ಟಲೆ ಕೂತಿರ್ತಾರೆ. ನಾನು ಹೇಗೆ ಲೆಕ್ಕ ಹಾಕಿದೆ, ಎಲ್ಲಿ ಎಡವಿದೆ ಅನ್ನೋದನ್ನ ಇವತ್ತು ಹೇಳ್ತೀನಿ.

ನನ್ನ ಫ್ಲ್ಯಾಟಿನ ಜಾತಕ

ಎರಡು ಬೆಡ್‌ರೂಮಿನ ಫ್ಲ್ಯಾಟ್. 2018ರ ಮಾರ್ಚ್‌ನಲ್ಲಿ 46 ಲಕ್ಷಕ್ಕೆ ತಗೊಂಡಿದ್ದು. ಮುದ್ರಾಂಕ ಶುಲ್ಕ, ನೋಂದಣಿ ಎಲ್ಲ ಸೇರಿ 49 ಲಕ್ಷ ಆಯ್ತು. ಅಪ್ಪ 10 ಲಕ್ಷ ಕೊಟ್ಟಿದ್ರು, ಉಳಿದದ್ದು ಹೆಚ್ಚುಕಡಿಮೆ ಎಲ್ಲವೂ ಬ್ಯಾಂಕ್ ಸಾಲ. ಅದರಲ್ಲಿ ಈಗ 22 ಲಕ್ಷ ಬಾಕಿ, ಬಡ್ಡಿ ಶೇಕಡ 8. ಮದುವೆಯಾದ ಮೇಲೆ ಆಫೀಸ್ ಹತ್ತಿರ ಅಂತ ನಾವು ವೈಟ್‌ಫೀಲ್ಡ್ ಕಡೆ ಬಾಡಿಗೆ ಮನೆಗೆ ಬಂದ್ವಿ. ಇದನ್ನ ಮೇಡಂಗೆ ಕೊಟ್ವಿ. ಈಗ ಬಾಡಿಗೆ 24 ಸಾವಿರ, ಮೇಂಟೆನೆನ್ಸ್ ಅವರೇ ಕಟ್ತಾರೆ.

ಬಂದ ಆಫರ್ 82 ಲಕ್ಷ.

ಮೊದಲು ಎಲ್ಲರ ಹಾಗೆ ನಾನೂ ಗೂಗಲ್ ಶೀಟ್ ತೆರೆದು, 46 ಲಕ್ಷ 82 ಆಗಿದೆ ಅಂದ್ರೆ ವರ್ಷಕ್ಕೆ ಸುಮಾರು ಏಳೂವರೆ ಪರ್ಸೆಂಟ್, ಇನ್ನೂ ಐದು ವರ್ಷ ಕಾದ್ರೆ ಒಂದು ಕೋಟಿ ಹದಿನೆಂಟು ಲಕ್ಷ ಅಂತ ಗೆರೆ ಎಳೆದೆ. ಆ ಗೆರೆ ಸುಳ್ಳು. ಮೊದಲ ಮೂರು ವರ್ಷ ನಮ್ಮ ಬಿಲ್ಡಿಂಗ್‌ನಲ್ಲಿ ಬೆಲೆ ಕದಲಿರಲೇ ಇಲ್ಲ. 2021ರ ಜನವರಿಯಲ್ಲಿ ಮೆಟ್ರೋ ಸಿಲ್ಕ್ ಇನ್‌ಸ್ಟಿಟ್ಯೂಟ್‌ವರೆಗೆ ಬಂತು, ಕೋವಿಡ್ ಮುಗಿದ ಮೇಲೆ ಎಲ್ಲರೂ ಬೆಂಗಳೂರಿಗೆ ವಾಪಸ್ ಬಂದ್ರು. ಏರಿದ್ದೆಲ್ಲ ಅದಾದ ಮೇಲೆ. ಮೆಟ್ರೋ ಇನ್ನೊಂದು ಸಲ ಬರೋದಿಲ್ಲ.

ಇನ್ನೊಂದು ತಪ್ಪು, ಬೆಲೆ ಎಷ್ಟು ಅಂತ ತಿಳ್ಕೊಳ್ಳೋಕೆ ಜಾಹೀರಾತು ನೋಡಿದ್ದು. ನಮ್ಮದೇ ಬ್ಲಾಕಿನ ಒಂದು ಫ್ಲ್ಯಾಟ್ 95 ಲಕ್ಷಕ್ಕೆ ಅಂತ ಆನ್‌ಲೈನ್‌ನಲ್ಲಿತ್ತು. ಅದನ್ನ ನೋಡಿ 82 ಕಡಿಮೆ ಅನ್ನಿಸಿತ್ತು. ಅಸೋಸಿಯೇಶನ್ ಸೆಕ್ರೆಟರಿ ನಕ್ಕುಬಿಟ್ಟರು: "ಅದು ಆರು ತಿಂಗಳಿಂದ 95ರಲ್ಲೇ ಕೂತಿದೆ. ಈ ವರ್ಷ ನಿಜವಾಗಿ ಮಾರಾಟ ಆಗಿದ್ದು ಎರಡು. ಒಂದು 80, ಇನ್ನೊಂದು ಎಂಬತ್ತೊಂದೂವರೆ." ಕೇಳೋ ಬೆಲೆ ಬೇರೆ, ಸಿಗೋ ಬೆಲೆ ಬೇರೆ. ನಿಮ್ಮ ಬಿಲ್ಡಿಂಗ್‌ನಲ್ಲಿ ಯಾವ ಮನೆ ಎಷ್ಟಕ್ಕೆ ಹೋಯ್ತು ಅನ್ನೋದು ಸೆಕ್ರೆಟರಿಗೆ ಸಾಮಾನ್ಯವಾಗಿ ಗೊತ್ತಿರುತ್ತೆ.

ಮಾರಿದರೆ ಕೈಗೆ ಎಷ್ಟು?

82 ಲಕ್ಷದಲ್ಲಿ ಬ್ರೋಕರ್ ಕಮಿಷನ್ ಒಂದು ಪರ್ಸೆಂಟ್, ಅಂದ್ರೆ 82 ಸಾವಿರ. ಉಳಿದದ್ದು 81.18 ಲಕ್ಷ. ಆಮೇಲೆ ಬರೋದು ಲಾಭದ ಮೇಲಿನ ತೆರಿಗೆ, ಅಂದ್ರೆ ಕ್ಯಾಪಿಟಲ್ ಗೇನ್ಸ್.

ಮನೆ ತಗೊಂಡು 24 ತಿಂಗಳು ದಾಟಿದ್ದರೆ ಅದು ದೀರ್ಘಾವಧಿ ಲಾಭ. ಅದಕ್ಕಿಂತ ಮೊದಲೇ ಮಾರಿದರೆ ಲಾಭ ಪೂರ್ತಿ ಸಂಬಳದ ಜೊತೆ ಸೇರಿ ಸ್ಲ್ಯಾಬ್ ದರದಲ್ಲಿ ತೆರಿಗೆ ಬೀಳುತ್ತೆ. 2024ರ ಜುಲೈ 23ರಿಂದ ದೀರ್ಘಾವಧಿಗೆ ಹನ್ನೆರಡೂವರೆ ಪರ್ಸೆಂಟ್, ಹಣದುಬ್ಬರದ ಹೊಂದಾಣಿಕೆ ಇಲ್ಲ. ಆದರೆ ಆ ದಿನಕ್ಕಿಂತ ಮುಂಚೆ ಮನೆ ಕೊಂಡ, ಭಾರತದಲ್ಲೇ ವಾಸವಿರೋ ವ್ಯಕ್ತಿಗೆ ಹಳೇ ದಾರಿಯೂ ತೆರೆದಿದೆ: ಕೊಂಡ ಬೆಲೆಯನ್ನ ಸರ್ಕಾರದ ಸೂಚ್ಯಂಕದಿಂದ ಹಿಗ್ಗಿಸಿ, ಉಳಿದ ಲಾಭಕ್ಕೆ 20 ಪರ್ಸೆಂಟ್. ಎರಡರಲ್ಲಿ ಯಾವುದು ಕಡಿಮೆಯೋ ಅದು.

ಇಪ್ಪತ್ತು ಅಂದ ತಕ್ಷಣ ಜಾಸ್ತಿ ಅನ್ಸುತ್ತೆ ಅಲ್ವಾ? ನನ್ನ ಕೇಸಿನಲ್ಲಿ ಉಲ್ಟಾ ಆಯ್ತು. ಹೊಸ ದಾರಿಯಲ್ಲಿ ಲಾಭ 81.18 ಕಳೆ 49, ಅಂದ್ರೆ 32.18 ಲಕ್ಷ. ತೆರಿಗೆ ಸುಮಾರು 4 ಲಕ್ಷ. ಹಳೇ ದಾರಿಯಲ್ಲಿ ನಾನು ಕೊಂಡ 2017-18ರ ಸೂಚ್ಯಂಕ 272, ಮಾರೋ 2025-26ರದ್ದು 376. ಹಾಗಾಗಿ ನನ್ನ 49 ಲಕ್ಷ 67.74 ಲಕ್ಷ ಅಂತ ಲೆಕ್ಕ. ಲಾಭ 13.44 ಲಕ್ಷ ಮಾತ್ರ. ಅದರ ಇಪ್ಪತ್ತು ಪರ್ಸೆಂಟ್, ಮೇಲೆ ಸೆಸ್ ಸೇರಿ 2.80 ಲಕ್ಷ.

ಅದನ್ನೂ ಕಳೆದು, ಬ್ಯಾಂಕಿನ 22 ಲಕ್ಷ ತೀರಿಸಿದರೆ ಕೈಯಲ್ಲಿ ಉಳಿಯೋದು 56.38 ಲಕ್ಷ. ಮೇಡಂ ಕೊಟ್ಟ ಒಂದೂವರೆ ಲಕ್ಷ ಅಡ್ವಾನ್ಸ್ ಮೊದಲಿನಿಂದಲೂ ನನ್ನ ದುಡ್ಡಲ್ಲ, ಹಾಗಾಗಿ ಅದನ್ನ ಈ ಲೆಕ್ಕಕ್ಕೆ ತಂದಿಲ್ಲ.

ಇಟ್ಟುಕೊಂಡರೆ ಕೈಗೆ ಎಷ್ಟು?

ತಿಂಗಳಿಗೆ 24 ಸಾವಿರ ಅಂದ್ರೆ ವರ್ಷಕ್ಕೆ 2.88 ಲಕ್ಷ. ಆದರೆ ಆಸ್ತಿ ತೆರಿಗೆ 6 ಸಾವಿರ. ಪೇಂಟು, ಗೀಸರ್, ಮೋಟಾರು ಅಂತ ವರ್ಷಗಳ ಸರಾಸರಿ 18 ಸಾವಿರ. ಬಾಡಿಗೆದಾರರು ಬದಲಾದಾಗ ಮನೆ ಖಾಲಿ ಇರೋದಕ್ಕೆ ಅಂತ ಎರಡು ವರ್ಷಕ್ಕೆ ಒಂದು ತಿಂಗಳ ಲೆಕ್ಕದಲ್ಲಿ ವರ್ಷಕ್ಕೆ 12 ಸಾವಿರ. ಉಳಿಯೋದು ಸುಮಾರು ಎರಡೂವರೆ ಲಕ್ಷ. ಬಾಡಿಗೆಯ ಮೇಲಿನ ಆದಾಯ ತೆರಿಗೆ ನನಗೆ ಹೆಚ್ಚುಕಡಿಮೆ ಸೊನ್ನೆ. ಯಾಕಂದ್ರೆ ಶೇಕಡ 30ರ ಕಡಿತ ಮತ್ತು ಸಾಲದ ಬಡ್ಡಿ ಎರಡನ್ನೂ ಬಾಡಿಗೆಯಿಂದ ಕಳೆಯೋಕೆ ಅವಕಾಶ ಇದೆ.

"ಹೊಸಬರಿಗೆ ಕೊಟ್ರೆ 27 ಸಾವಿರ ಬರುತ್ತೆ" ಅಂತ ಬ್ರೋಕರ್ ಹೇಳ್ತಾನೇ ಇದ್ದರು. ಬರುತ್ತೆ, ನಿಜ. ವರ್ಷಕ್ಕೆ 36 ಸಾವಿರ ಜಾಸ್ತಿ. ಆದರೆ ಒಂದು ತಿಂಗಳು ಖಾಲಿ, ಪೂರ್ತಿ ಪೇಂಟಿಂಗ್ ಅಂದ್ರೆ 60 ಸಾವಿರ ಮೊದಲೇ ಹೋಗುತ್ತೆ. ಅದು ವಾಪಸ್ ಬರೋಕೆ ಹತ್ತಿರ ಹತ್ತಿರ ಎರಡು ವರ್ಷ ಬೇಕು. ಸರಿಯಾಗಿ ಬಾಡಿಗೆ ಕೊಡೋರನ್ನ ಮೂರು ಸಾವಿರಕ್ಕೆ ಬದಲಾಯಿಸೋದು ಲಾಭ ಅಲ್ಲ.

ಅಟ್ಟದ ಮೇಲಿನ ಕೊಬ್ಬರಿ

ಇಷ್ಟಾದ ಮೇಲೂ ಉತ್ತರ ಸಿಗಲಿಲ್ಲ. ಊರಿಗೆ ಫೋನ್ ಮಾಡಿದೆ. ನಮ್ಮದು ತಿಪಟೂರು ಕಡೆ, ಅಪ್ಪ ತೆಂಗು ಬೆಳೆಯೋರು. ತೆಂಗಿನಕಾಯಿಯನ್ನ ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು ಉಂಡೆ ಕೊಬ್ಬರಿ ಮಾಡಿ, ರೇಟ್ ಬರಲಿ ಅಂತ ಕಾಯೋದು ನಮ್ಮ ಮನೆಯಲ್ಲಿ ನಾನು ಹುಟ್ಟಿದಾಗಿನಿಂದ ನೋಡಿದ್ದು.

"ಅಪ್ಪಾ, ಇನ್ನೂ ಏರುತ್ತೆ ಅಂತಾರೆ. ಕಾಯ್ಲಾ?"

"ಏರುತ್ತೋ ಇಲ್ವೋ ಯಾರಿಗ್ ಗೊತ್ತು? ಮಾರಿದ್ ದುಡ್ಡು ಏನ್ ಮಾಡ್ತೀಯ ಅದ್ ಹೇಳು."

"ಅಂದ್ರೆ?"

"ಸಾಲ ಇಲ್ದೋನು ಕೊಬ್ಬರಿ ಇಟ್ಕೊಂಡು ಕಾಯಬೋದು ಕಣಪ್ಪ. ಬಡ್ಡಿ ಕಟ್ತಾ ಇರೋನು ಕಾದ್ರೆ, ಅಟ್ಟದ ಮೇಲೆ ಕೊಬ್ಬರಿ ಏರೋದಕ್ಕಿಂತ ಕೆಳಗೆ ಬಡ್ಡಿ ಬೇಗ ಏರುತ್ತೆ."

ಅಲ್ಲಿಗೆ ಪ್ರಶ್ನೆ ತಿರುಗಿತು. "ಬೆಲೆ ಏರುತ್ತಾ" ಅಂತ ಕೇಳೋ ಬದಲು, "ಕಾಯೋದು ನಷ್ಟ ಆಗಬಾರದು ಅಂದ್ರೆ ಬೆಲೆ ವರ್ಷಕ್ಕೆ ಕನಿಷ್ಠ ಎಷ್ಟು ಏರಬೇಕು" ಅಂತ ಕೇಳ್ಕೊಂಡೆ. ಮೊದಲನೇದು ಭವಿಷ್ಯ. ಎರಡನೇದು ಲೆಕ್ಕ.

ಒಂದು ದಾರಿ, ಮಾರಿದ ದುಡ್ಡನ್ನ ಎಫ್‌ಡಿಯಲ್ಲಿ ಇಡೋದು. ಆರೂವರೆ ಪರ್ಸೆಂಟ್ ಸಿಕ್ಕರೂ, 30ರ ಸ್ಲ್ಯಾಬಿನಲ್ಲಿ ಇರೋ ನನಗೆ ತೆರಿಗೆ ಕಳೆದು ಉಳಿಯೋದು ನಾಲ್ಕೂವರೆ. 56.38 ಲಕ್ಷಕ್ಕೆ ವರ್ಷಕ್ಕೆ ಎರಡೂವರೆ ಲಕ್ಷ. ತೀರಿಸಿದ ಸಾಲದ ಬಡ್ಡಿ 1.76 ಲಕ್ಷ ಉಳೀತು. ಒಟ್ಟು ಸುಮಾರು 4.3 ಲಕ್ಷ. ಇಟ್ಟುಕೊಂಡರೆ ಬಾಡಿಗೆ ಎರಡೂವರೆ. ವ್ಯತ್ಯಾಸ 1.8 ಲಕ್ಷ. ಇದು 82 ಲಕ್ಷದ 2.2 ಪರ್ಸೆಂಟ್. ಮುಂದೆ ಬರೋ ಲಾಭದ ತೆರಿಗೆಯನ್ನೂ ಸೇರಿಸಿ ಎರಡೂವರೆ ಅಂದ್ಕೊಳ್ಳಿ. ಅಂದ್ರೆ ಫ್ಲ್ಯಾಟ್ ವರ್ಷಕ್ಕೆ ಎರಡೂವರೆ ಪರ್ಸೆಂಟ್ ಏರಿದರೂ ಸಾಕು, ಎಫ್‌ಡಿಗಿಂತ ಕಾಯೋದೇ ಮೇಲು. ದುಡ್ಡಿಗೆ ಬೇರೆ ಕೆಲಸವಿಲ್ಲದೆ, ಬರೀ "ರೇಟ್ ಚೆನ್ನಾಗಿದೆ" ಅಂತ ಮಾರೋಕೆ ಹೊರಟವರು ಇಲ್ಲೊಂದು ನಿಮಿಷ ನಿಲ್ಲಬೇಕು.

ಆದರೆ ನಮಗೆ ಆ ದುಡ್ಡಿಗೆ ಕೆಲಸ ಇತ್ತು. ಅಮ್ಮನಿಗೆ ಮಂಡಿ ನೋವು, ಬೆಂಗಳೂರಿನಲ್ಲೇ ಆಪರೇಷನ್ ಆಗಬೇಕು ಅಂದಿದಾರೆ. ಅಪ್ಪ-ಅಮ್ಮ ಇಬ್ಬರೂ ನಮ್ಮ ಜೊತೆ ಇರೋ ಹಾಗೆ ಮೂರು ಬೆಡ್‌ರೂಮಿನ ಮನೆ ಬೇಕು. ನಾವು ನೋಡ್ತಿರೋದು 1.30 ಕೋಟಿ ಆಸುಪಾಸಿನವು. ಆ ಮನೆಗೆ ನಾನು ಹಾಕೋ ಪ್ರತಿ ರೂಪಾಯಿ, ಎಂಟು ಪರ್ಸೆಂಟ್ ಬಡ್ಡಿಯ ಹೊಸ ಸಾಲವನ್ನ ಅಷ್ಟು ಕಡಿಮೆ ಮಾಡುತ್ತೆ. ಜೊತೆಗೆ, ಮಾರಿದ ಎರಡು ವರ್ಷದೊಳಗೆ ಲಾಭದ ಮೊತ್ತವನ್ನ ನನ್ನ ಹೆಸರಿನಲ್ಲಿ ಇನ್ನೊಂದು ವಾಸದ ಮನೆಗೆ ಹಾಕಿದರೆ ಆ 2.80 ಲಕ್ಷ ತೆರಿಗೆಯೂ ಕಟ್ಟಬೇಕಿಲ್ಲ. ರಿಟರ್ನ್ಸ್ ಸಲ್ಲಿಸೋ ಕೊನೇ ದಿನಾಂಕದೊಳಗೆ ಮನೆ ಸಿಗದಿದ್ದರೆ, ಆ ಲಾಭದ ಹಣವನ್ನ ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಯಲ್ಲಿ ಇಡಬೇಕು. ಉಳಿತಾಯ ಖಾತೆಯಲ್ಲಿ ಬಿಟ್ಟರೆ ವಿನಾಯಿತಿ ಕೈತಪ್ಪುತ್ತೆ.

ಇದೇ ಲೆಕ್ಕ ಈಗ ಹಾಕಿ. ಕೈಗೆ 59.18 ಲಕ್ಷ. ಅದರ ಎಂಟು ಪರ್ಸೆಂಟ್ 4.73 ಲಕ್ಷ, ಹಳೇ ಸಾಲದ ಬಡ್ಡಿ 1.76. ಒಟ್ಟು ಆರೂವರೆ ಲಕ್ಷ. ಬಾಡಿಗೆ ಎರಡೂವರೆ ಕಳೆದರೆ ವ್ಯತ್ಯಾಸ 4 ಲಕ್ಷ. ಅಂದ್ರೆ ಕಾಯೋದಕ್ಕೆ ಅರ್ಥ ಬರಬೇಕಾದರೆ ಫ್ಲ್ಯಾಟ್ ವರ್ಷಕ್ಕೆ 5 ಪರ್ಸೆಂಟ್ ಏರಲೇಬೇಕು.

ಅದೇ ಫ್ಲ್ಯಾಟ್, ಅದೇ ಬಾಡಿಗೆ. ದುಡ್ಡು ಹೋಗೋ ಜಾಗ ಬದಲಾದ ಕೂಡಲೇ ಎರಡೂವರೆ ಹೋಗಿ ಐದಾಯ್ತು.

"ಐದು ತಾನೇ? ಬೆಂಗಳೂರಲ್ಲಿ ಐದು ಏರಲ್ವಾ?" ಅಂದಳು ನನ್ನ ಹೆಂಡತಿ. ಏರಬಹುದು. ಆದರೆ ಅಲ್ಲೇ ಇನ್ನೊಂದು ತಿರುವಿದೆ. ನಮ್ಮ 82 ಲಕ್ಷದ ಫ್ಲ್ಯಾಟ್ ವರ್ಷಕ್ಕೆ 6 ಪರ್ಸೆಂಟ್ ಏರಿದರೆ 87 ಆಗುತ್ತೆ. ನಾವು ಕೊಳ್ಳಬೇಕಾದ 130 ಲಕ್ಷದ ಮನೆಯೂ ಅಷ್ಟೇ ಏರಿದರೆ 138. ಈಗ ನಡುವಿನ ಅಂತರ 48 ಲಕ್ಷ, ಆಗ 51. ಏರಿಕೆ ಬಂತು, ನಾವು ಮೂರು ಲಕ್ಷ ಹಿಂದೆ ಬಿದ್ದೆವು. ಸಣ್ಣ ಮನೆ ಮಾರಿ ದೊಡ್ಡದು ಕೊಳ್ಳೋರು ಕಾದು ಗೆಲ್ಲಬೇಕಾದರೆ ಸಣ್ಣದು ದೊಡ್ಡದಕ್ಕಿಂತ ಜೋರಾಗಿ ಏರಬೇಕು. ನಮ್ಮದು ಹಳೇದಾಗ್ತಿರೋ ಬಿಲ್ಡಿಂಗ್. ಲಿಫ್ಟ್ ಬದಲಾಯಿಸಬೇಕು ಅಂತ ಅಸೋಸಿಯೇಶನ್‌ನಲ್ಲಿ ಆಗಲೇ ಜಗಳ ಶುರುವಾಗಿದೆ. ಸುತ್ತ ಹೊಸ ಟವರ್‌ಗಳು ಏಳ್ತಿವೆ. ಅದರ ಮೇಲೆ ನಾನು ಬಾಜಿ ಕಟ್ಟಲಿಲ್ಲ.

ಮಾರೋದು ಅಂತ ತೀರ್ಮಾನವಾಯ್ತು. ಉಳಿದದ್ದು, ಯಾರಿಗೆ, ಯಾವಾಗ.

ಮೇಡಂ ಮನೆಯ ಪರೀಕ್ಷೆ

82 ಲಕ್ಷ ಹೇಳಿದವರು ತಾವೇ ವಾಸಕ್ಕೆ ಬರೋರು, ಜನವರಿಗೆ ಖಾಲಿ ಮನೆ ಬೇಕು ಅಂದ್ರು. ಇನ್ನೊಬ್ಬರು ಬಾಡಿಗೆ ಆದಾಯಕ್ಕೆ ಅಂತಲೇ ಕೊಳ್ಳೋರು. ಮೇಡಂ ಇದ್ದರೂ ಪರವಾಗಿಲ್ಲ, ಆದರೆ 77ಕ್ಕೆ ಕೊಡಿ ಅಂದ್ರು. ಬಾಡಿಗೆದಾರರು ಇರೋ ಮನೆಯನ್ನ ಕೊಳ್ಳೋರು ಕಡಿಮೆ, ಹಾಗಾಗಿ ಬೆಲೆ ಇಳಿಯುತ್ತೆ. ಇಲ್ಲಿ ಐದು ಲಕ್ಷದ ವ್ಯತ್ಯಾಸ.

ನಮ್ಮ ಕರಾರು 11 ತಿಂಗಳದ್ದು, ಎರಡೂ ಕಡೆಯಿಂದ ಎರಡು ತಿಂಗಳ ನೋಟಿಸ್. ಕಾಗದದ ಪ್ರಕಾರ ನವೆಂಬರ್‌ನಲ್ಲಿ ನೋಟಿಸ್ ಕೊಟ್ಟು ಜನವರಿಗೆ ಖಾಲಿ ಮಾಡಿಸೋ ಹಕ್ಕು ನನಗಿತ್ತು. ಆದರೆ ಹುಡುಗಿಗೆ ಮಾರ್ಚ್-ಏಪ್ರಿಲ್‌ನಲ್ಲಿ ಬೋರ್ಡ್ ಪರೀಕ್ಷೆ. ಶಾಲೆ ಅಲ್ಲೇ ಪಕ್ಕದ ರಸ್ತೆ.

ಆ ವಾರ ಒಬ್ಬನೇ ಹೋದೆ. ಮೊದಲು ಲೀಕೇಜ್ ಸುಳ್ಳಿಗೆ ಕ್ಷಮೆ ಕೇಳಿದೆ. ಆಮೇಲೆ ಎಲ್ಲ ಬಿಡಿಸಿ ಹೇಳಿದೆ. ಮೇಡಂ ಕೇಳಿದ್ದು ಒಂದೇ: "ಪರೀಕ್ಷೆ ಮುಗಿಯೋವರೆಗೆ ಬಿಡಿ ಸರ್. ಏಪ್ರಿಲ್ 15ಕ್ಕೆ ಕೀ ಕೊಡ್ತೀನಿ. ಬರೆದು ಕೊಡ್ತೀನಿ."

ದಾರಿ ತೋರಿಸಿದ್ದು ನಮ್ಮ ವಕೀಲರು. ಮನೆ ಮಾರಿದ ಮಾತ್ರಕ್ಕೆ ಬಾಡಿಗೆ ಕರಾರು ಸಾಯೋದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ಕೊಂಡವರು ಹಳೇ ಮಾಲೀಕನ ಜಾಗಕ್ಕೆ ಬಂದು ನಿಲ್ತಾರೆ, ಬಾಡಿಗೆ ಅವರಿಗೆ ಸೇರುತ್ತೆ. "ಹಾಗಿದ್ದ ಮೇಲೆ ನೋಂದಣಿ ಜನವರಿಯಲ್ಲೇ ಆಗಲಿ, ಕೀ ಏಪ್ರಿಲ್‌ನಲ್ಲಿ ಹೋಗಲಿ" ಅಂದ್ರು.

ವಾಸಕ್ಕೆ ಬರೋ ದಂಪತಿ ಮೊದಲು ಒಪ್ಪಲಿಲ್ಲ. ಅವರ ಭಯ ನ್ಯಾಯವಾಗಿತ್ತು: ಬಾಡಿಗೆಯವರು ಏಪ್ರಿಲ್‌ನಲ್ಲೂ ಬಿಡದಿದ್ದರೆ? ಹಾಗಾಗಿ ಮೂವರೂ ಸಹಿ ಹಾಕಿದ ಒಂದು ಪತ್ರ ಮಾಡಿದ್ವಿ. ನೋಂದಣಿ ದಿನದಿಂದ ಬಾಡಿಗೆ ಹೊಸ ಮಾಲೀಕರಿಗೆ. ಏಪ್ರಿಲ್ 15ಕ್ಕೆ ಮನೆ ಖಾಲಿ. ಒಂದೂವರೆ ಲಕ್ಷ ಅಡ್ವಾನ್ಸ್ ನಾನು ಹೊಸ ಮಾಲೀಕರಿಗೆ ಒಪ್ಪಿಸಬೇಕು, ಕೀ ಕೊಟ್ಟ ದಿನವೇ ಅವರು ಮೇಡಂಗೆ ವಾಪಸ್ ಕೊಡಬೇಕು. ಅವರಿಗೆ ಆ ಮೂರು ತಿಂಗಳ ಇಎಂಐ ಭಾರದಲ್ಲಿ ತಿಂಗಳಿಗೆ 24 ಸಾವಿರ ಹಗುರಾಯ್ತು. ಇಷ್ಟಾದರೂ ಕಾಯೋದಕ್ಕೆ ಅಂತ 50 ಸಾವಿರ ಕಡಿಮೆ ಕೇಳಿದರು. ಎಂಬತ್ತೊಂದೂವರೆಗೆ ಮುಗೀತು.

ನಾಲ್ಕೂವರೆ ಲಕ್ಷ ಕಳ್ಕೊಂಡು ಬಾಡಿಗೆ ಆದಾಯದವರಿಗೆ ಕೊಡೋದಾಗಲಿ, ಡಿಸೆಂಬರ್‌ನಲ್ಲಿ ಹತ್ತನೇ ಕ್ಲಾಸಿನ ಹುಡುಗಿಯ ಪುಸ್ತಕ ಮೂಟೆ ಕಟ್ಟಿಸೋದಾಗಲಿ, ಎರಡೂ ಬೇಕಾಗಲಿಲ್ಲ. ಆದರೆ ಇದು ಸಾಧ್ಯವಾಗಿದ್ದು ಮೇಡಂ ಬಾಗಿಲು ತೆರೆದಿದ್ದಕ್ಕೆ. ಕೊಳ್ಳೋರ ಬ್ಯಾಂಕಿನಿಂದ ಮೌಲ್ಯಮಾಪನಕ್ಕೆ ಬಂದವರಿಗೆ, ಎರಡು ಸಲ ಅಳತೆಗೆ ಬಂದ ಕಾರ್ಪೆಂಟರ್‌ಗೆ ಮನೆ ತೋರಿಸಿದ್ದು ಅವರೇ. ಬಾಡಿಗೆದಾರರು ಮುನಿಸಿಕೊಂಡರೆ ಮಾರಾಟ ಇಲ್ಲೇ ಸಿಕ್ಕಿಹಾಕ್ಕೊಳ್ಳುತ್ತೆ.

ನಡುವೆ ತಡವಾಗಿದ್ದು ನನ್ನಿಂದಲೇ. ಬೆಂಗಳೂರಿನಲ್ಲಿ ಈಗ ಇ-ಖಾತಾ ಇಲ್ಲದೆ ನೋಂದಣಿ ಆಗೋಲ್ಲ, ನಾನು ಅದನ್ನ ಮಾಡಿಸಿರಲೇ ಇಲ್ಲ. ಹಳೇ ಖಾತೆಯಲ್ಲಿ ನನ್ನ ಇನಿಶಿಯಲ್ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ. ಅದು ಸರಿಹೋಗೋಕೆ ಮೂರು ವಾರ ಹಿಡೀತು. ಮಾರೋ ಯೋಚನೆ ಇನ್ನೂ ದೂರ ಇದ್ದರೂ ಇದನ್ನ ಮಾತ್ರ ಈಗಲೇ ಮಾಡಿಸಿಟ್ಟುಕೊಳ್ಳಿ.

ಜನವರಿ ಕೊನೆಯಲ್ಲಿ ನೋಂದಣಿ ಆಯ್ತು. 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಮನೆಯಾದ್ದರಿಂದ ಕೊಂಡವರು ಒಂದು ಪರ್ಸೆಂಟ್ ಟಿಡಿಎಸ್ ಹಿಡಿದು ಕಟ್ಟಿದರು, ರಿಟರ್ನ್ಸ್‌ನಲ್ಲಿ ಅದು ವಾಪಸ್ ಸಿಗಬೇಕು. ಹೊಸ ಮನೆ ಇನ್ನೂ ಸಿಕ್ಕಿಲ್ಲ. ಎರಡು ನೋಡಿ ಬಿಟ್ಟಿದ್ದೀವಿ. ಒಂದರಲ್ಲಿ ಲಿಫ್ಟ್‌ನಿಂದ ಮನೆ ಬಾಗಿಲಿಗೆ ನಾಲ್ಕು ಮೆಟ್ಟಿಲಿತ್ತು. ಅಮ್ಮ ನೋಡಿ ಏನೂ ಅನ್ನಲಿಲ್ಲ, ನಾವೇ ಬೇಡ ಅಂದ್ವಿ.

ಫೆಬ್ರವರಿ 5ಕ್ಕೆ ಮೊಬೈಲ್ ಟಿಣ್ ಅಂತು. ನನ್ನ ಖಾತೆಗೆ 24 ಸಾವಿರ. ಎರಡು ನಿಮಿಷಕ್ಕೆ ಮೇಡಂ ಫೋನ್. "ಅಯ್ಯೋ ಸರ್, ಅಭ್ಯಾಸಬಲ. ನಿಮಗೇ ಹಾಕ್ಬಿಟ್ಟೆ."

"ಪರವಾಗಿಲ್ಲ ಮೇಡಂ, ಈಗಲೇ ಅವರಿಗೆ ಕಳಿಸ್ತೀನಿ," ಅಂದೆ. "ಮಗಳ ಓದು ಹೇಗೆ ನಡೀತಿದೆ?"

"ಗಣಿತದ್ದೇ ಭಯ ಅವಳಿಗೆ."

ನಮ್ಮಿಬ್ಬರಿಗೂ ಅದೇ ಅಂದ್ಕೊಂಡು, ದುಡ್ಡು ಹೊಸ ಓನರ್‌ಗೆ ಕಳಿಸಿದೆ.